ಸ್ಟ್ರೋಕ್ ಆದ ಅಪ್ಪನ ಬಗ್ಗೆ ಡಾಕ್ಟರಿಗೆ ಒಂದು ಪುಟದ ಪತ್ರ: ಮಗಳು ಬರೆಯುವುದು ಹೇಗೆ?

ಉಡುಪಿ, ಕಟಪಾಡಿ, ಕಾಪು ಕಡೆಯ ಮನೆಗಳಿಗೆ ಹೋಗಿ ಸ್ಟ್ರೋಕ್ ಆದವರಿಗೆ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ರೋಗಿ ಆಸ್ಪತ್ರೆಯಿಂದ ಮನೆಗೆ ಬಂದು ವಾರ ಕಳೆಯುವಷ್ಟರಲ್ಲಿ ಮಗಳೋ ಸೊಸೆಯೋ ಕೇಳುತ್ತಾರೆ: "ನಾಡಿದ್ದು ರಿವ್ಯೂ ಉಂಟು. ಡಾಕ್ಟ್ರ ಹತ್ರ ಏನೆಲ್ಲ ಕೇಳ್ಬೇಕು?" ಕೇಳಬೇಕಾದದ್ದನ್ನು ಒಂದು ಪುಟದ ಪತ್ರವಾಗಿ ಬರೆದುಕೊಂಡು ಹೋಗಿ ಎಂದು ನಾನು ಹೇಳುತ್ತೇನೆ. ನ್ಯೂರಾಲಜಿ ಒಪಿಡಿಯಲ್ಲಿ ಸರದಿ ಬಂದಾಗ ಸಿಗುವುದು ಕೆಲವೇ ನಿಮಿಷ. ಅದರಲ್ಲಿ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಫೈಲ್ ಬಿಚ್ಚಿ, ಎಂಆರ್‌ಐ ಫಿಲ್ಮ್ ಹುಡುಕಿ ಕೊಡುವಷ್ಟರಲ್ಲಿ ಅರ್ಧ ಸಮಯ ಮುಗಿದಿರುತ್ತದೆ. ಉಳಿದ ಅರ್ಧದಲ್ಲಿ ಬಾಯಿಗೆ ಬರುವುದು "ಅಪ್ಪ ಯಾವಾಗ ಸರಿಯಾಗ್ತಾರೆ?" ಎಂಬ ಒಂದೇ ಪ್ರಶ್ನೆ. ಅದಕ್ಕೆ ಡಾಕ್ಟರು "ನೋಡುವ, ವ್ಯಾಯಾಮ ಬಿಡಬೇಡಿ" ಎನ್ನುತ್ತಾರೆ. ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಅದಕ್ಕಿಂತ ಹೆಚ್ಚು ಹೇಳಲು ಅವರಿಗೂ ಆಗುವುದಿಲ್ಲ.

ಆದ್ದರಿಂದ ಪ್ರಶ್ನೆಯ ರೂಪವನ್ನೇ ಬದಲಿಸಬೇಕು. ನೀವು ಕೇಳುವ ಪ್ರತಿ ಪ್ರಶ್ನೆಗೂ ಉತ್ತರವಾಗಿ ಒಂದು ತಾರೀಕು, ಒಂದು ಸಂಖ್ಯೆ, ಒಂದು ಪರೀಕ್ಷೆಯ ಹೆಸರು ಅಥವಾ ನೀವು ಹೋಗಿ ನೋಡಬೇಕಾದ ಒಬ್ಬ ವ್ಯಕ್ತಿ ಸಿಗುವಂತಿರಬೇಕು. ಹಾಗೆ ಸಿಕ್ಕಿದ ಉತ್ತರವನ್ನು ಮನೆಗೆ ತಂದು ಮರುದಿನ ಬೆಳಿಗ್ಗೆಯಿಂದಲೇ ಪಾಲಿಸಬಹುದು.

ಕಾಪು ಕಡೆಯ ಒಬ್ಬ ಮಗಳು ಬರೆದ ಪತ್ರವನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅಪ್ಪನಿಗೆ 66 ವರ್ಷ, ದಿನಸಿ ಅಂಗಡಿ, ಹತ್ತು ವರ್ಷದಿಂದ ಬಿಪಿ. ಜೂನ್ 3ರ ಬೆಳಿಗ್ಗೆ ಎದ್ದಾಗ ಬಾಯಿ ಓರೆ, ಬಲಗೈಯಲ್ಲಿ ಶಕ್ತಿ ಇಲ್ಲ, ಮಾತು ತಡವರಿಸುತ್ತಿತ್ತು. ಆಸ್ಪತ್ರೆಯಲ್ಲಿ ಐದು ದಿನ ಇದ್ದು ಜೂನ್ 8ಕ್ಕೆ ಮನೆಗೆ ಬಂದರು. ಜೂನ್ 18ಕ್ಕೆ ರಿವ್ಯೂ.

ಮೊದಲು ಡಿಸ್ಚಾರ್ಜ್ ಸಮ್ಮರಿ ಓದಿ

ಪೆನ್ನು ಹಿಡಿಯುವ ಮೊದಲು ಸಮ್ಮರಿಯನ್ನು ಮೇಜಿನ ಮೇಲಿಟ್ಟುಕೊಂಡು ನಿಧಾನವಾಗಿ ಓದಿ. ಎಲ್ಲವೂ ಅರ್ಥವಾಗಬೇಕೆಂದಿಲ್ಲ. ಅದರಲ್ಲಿ ಹುಡುಕಬೇಕಾದದ್ದು ಒಂದೇ ಸಂಗತಿ: ಸ್ಟ್ರೋಕ್ ಆದದ್ದು ಏಕೆ?

ಸ್ಟ್ರೋಕ್ ಎರಡು ಬಗೆ. ಹೆಚ್ಚಿನವು ಮೆದುಳಿನ ರಕ್ತನಾಳ ಕಟ್ಟಿಕೊಂಡು ಆಗುವಂಥವು. ಉಳಿದವು ನಾಳ ಒಡೆದು ರಕ್ತಸ್ರಾವವಾಗಿ ಆಗುವಂಥವು. ಈ ಲೇಖನ ಮೊದಲ ಬಗೆಯ ಕುರಿತದ್ದು, ರಕ್ತಸ್ರಾವವಾದವರ ಔಷಧ ಬೇರೆಯೇ ಇರುತ್ತದೆ. ನಾಳ ಕಟ್ಟಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಮೂರು ಮೂಲಗಳು. ಕುತ್ತಿಗೆಯ ಅಥವಾ ಮೆದುಳಿನ ದೊಡ್ಡ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿರಬಹುದು. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಮೇಲಕ್ಕೆ ಹೋಗಿ ಸಿಕ್ಕಿಕೊಂಡಿರಬಹುದು. ಇಲ್ಲವೇ ವರ್ಷಗಟ್ಟಲೆ ಬಿಪಿ, ಶುಗರ್ ಇದ್ದು ಮೆದುಳಿನೊಳಗಿನ ಸಣ್ಣ ನಾಳಗಳೇ ಕೆಟ್ಟಿರಬಹುದು. ಎಷ್ಟೋ ಸಲ ಮೊದಲ ಸುತ್ತಿನ ಪರೀಕ್ಷೆಯಲ್ಲಿ ಕಾರಣ ಗೊತ್ತಾಗುವುದೇ ಇಲ್ಲ. ಯಾವ ಕಾರಣ ಎಂಬುದರ ಮೇಲೆ ಯಾವ ಮಾತ್ರೆ, ಎಷ್ಟು ದಿನ ಎಂಬುದು ನಿಲ್ಲುತ್ತದೆ. ಪತ್ರದ ಮುಖ್ಯ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟಬೇಕು.

ಸಮ್ಮರಿಯಲ್ಲಿ ಕುತ್ತಿಗೆಯ ರಕ್ತನಾಳದ ವರದಿ ಇದೆಯೇ ನೋಡಿ. ಡಾಪ್ಲರ್ ಎಂದೋ ಸಿಟಿ ಆಂಜಿಯೋ, ಎಂಆರ್ ಆಂಜಿಯೋ ಎಂದೋ ಬರೆದಿರುತ್ತದೆ. ಬಲಗೈ ಸೋತಿದ್ದರೆ ತೊಂದರೆ ಆಗಿರುವುದು ಮೆದುಳಿನ ಎಡಭಾಗದಲ್ಲಿ. ಆದ್ದರಿಂದ ನೋಡಬೇಕಾದದ್ದು ಎಡಗಡೆಯ ನಾಳ. ಅದು ಶೇಕಡಾ 70ಕ್ಕಿಂತ ಹೆಚ್ಚು ಕಿರಿದಾಗಿದ್ದರೆ ಆಪರೇಷನ್ ಮಾಡಿ ಕೊಬ್ಬು ತೆಗೆಯುವ ಬಗ್ಗೆ ಯೋಚಿಸುತ್ತಾರೆ. 50ರಿಂದ 69ರ ನಡುವೆ ಇದ್ದರೆ ರೋಗಿಯನ್ನು ನೋಡಿ ತೀರ್ಮಾನ. ಈ ಆಪರೇಷನ್‌ನಿಂದ ಹೆಚ್ಚು ಪ್ರಯೋಜನ ಸಿಗುವುದು ಸ್ಟ್ರೋಕ್ ಆದ ಮೊದಲ ಎರಡು ವಾರಗಳಲ್ಲಿ. ಹೀಗಾಗಿ ಸಮ್ಮರಿಯಲ್ಲಿ ಕುತ್ತಿಗೆಯ ನಾಳದ ವರದಿಯೇ ಕಾಣದಿದ್ದರೆ ಪತ್ರ ಬರೆದು ರಿವ್ಯೂಗೆ ಕಾಯಬೇಡಿ. ಆ ದಿನವೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ. ಕಾಪುವಿನ ಈ ಅಪ್ಪನ ಡಾಪ್ಲರ್‌ನಲ್ಲಿ ಎಡಗಡೆ ಶೇಕಡಾ 30 ಎಂದಿತ್ತು. ಅದಕ್ಕೆ ಮಾತ್ರೆ ಸಾಕು. ಹಾಗಾಗಿ ಮಗಳು ಆ ಪ್ರಶ್ನೆಯನ್ನು ಪಟ್ಟಿಯಿಂದ ಹೊಡೆದು ಹಾಕಿದಳು. ಸಮ್ಮರಿಯಲ್ಲೇ ಉತ್ತರ ಇರುವ ಪ್ರಶ್ನೆಗಳನ್ನು ಹೀಗೆ ತೆಗೆದುಹಾಕಿದರೆ ಉಳಿದವುಗಳಿಗೆ ಜಾಗ ಸಿಗುತ್ತದೆ.

ಮುಂದಿನದು ಹೃದಯ. ಸಮ್ಮರಿಯಲ್ಲಿ ಇಸಿಜಿ ನಾರ್ಮಲ್, ಎಕೋ ನಾರ್ಮಲ್ ಎಂದಿತ್ತು. ಇದನ್ನು ಓದಿ ಹೃದಯ ಸರಿ ಇದೆ ಎಂದು ಎಲ್ಲರೂ ನಿಶ್ಚಿಂತರಾಗುತ್ತಾರೆ. ಆದರೆ ಸಾಮಾನ್ಯ ಇಸಿಜಿ ದಾಖಲಿಸುವುದು ಸುಮಾರು ಹತ್ತು ಸೆಕೆಂಡಿನ ಬಡಿತವನ್ನು ಮಾತ್ರ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಬಡಿತದ ಏರುಪೇರು ಕೆಲವರಲ್ಲಿ ಬಂದು ಹೋಗುತ್ತಿರುತ್ತದೆ. ಹೃದಯದಲ್ಲಿ ರಕ್ತ ಹೆಪ್ಪುಗಟ್ಟಲು ಅದೇ ದೊಡ್ಡ ಕಾರಣ. ಅದನ್ನು ಹಿಡಿಯಲು ಹೋಲ್ಟರ್ ಎಂಬ ಸಣ್ಣ ಯಂತ್ರವನ್ನು ಎದೆಗೆ ಅಂಟಿಸಿ 24 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಬಡಿತ ದಾಖಲಿಸಬೇಕಾಗುತ್ತದೆ. ಅದು ಸಿಕ್ಕಿದರೆ ಚಿಕಿತ್ಸೆಯೇ ಬೇರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಬದಲು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಗುಂಪಿನ ಮಾತ್ರೆ ಬೇಕಾಗುತ್ತದೆ. ಈ ಸಮ್ಮರಿಯಲ್ಲಿ ಹೋಲ್ಟರ್ ಸುದ್ದಿ ಇರಲಿಲ್ಲ, ಸ್ಟ್ರೋಕಿಗೆ ಕಾರಣ ಇಂಥದ್ದೆಂದೂ ಬರೆದಿರಲಿಲ್ಲ. ಮಗಳಿಗೆ ಪತ್ರದ ಒಂದು ಪ್ರಶ್ನೆ ಸಿಕ್ಕಿದ್ದು ಇಲ್ಲಿ.

ಎರಡು ಮಾತ್ರೆ, ಒಂದು ತಾರೀಕು

ನನ್ನ ಮಟ್ಟಿಗೆ ಇಡೀ ಪತ್ರದ ಮುಖ್ಯ ಪ್ರಶ್ನೆ ಇದು. ಇಂಥ ಸಣ್ಣ ಸ್ಟ್ರೋಕ್ ಆದವರಿಗೆ ಮೊದಲ ದಿನಗಳಲ್ಲಿ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ಒಟ್ಟಿಗೆ ಕೊಡುವುದು ರೂಢಿ. ಮತ್ತೆ ಸ್ಟ್ರೋಕ್ ಆಗುವ ಅಪಾಯ ಮೊದಲ ಕೆಲವು ವಾರಗಳಲ್ಲೇ ಹೆಚ್ಚು. ಆ ಅವಧಿಯಲ್ಲಿ ಎರಡು ಮಾತ್ರೆಯಿಂದ ರಕ್ಷಣೆ ಹೆಚ್ಚು. ಸಾಮಾನ್ಯವಾಗಿ 21 ದಿನ ಎರಡನ್ನೂ ಕೊಟ್ಟು ಆಮೇಲೆ ಒಂದನ್ನು ನಿಲ್ಲಿಸುತ್ತಾರೆ. ಮೆದುಳಿನೊಳಗಿನ ದೊಡ್ಡ ನಾಳವೇ ತುಂಬ ಕಿರಿದಾಗಿದ್ದರೆ 90 ದಿನದವರೆಗೂ ಕೊಡುವುದುಂಟು. ಸ್ಟೆಂಟ್ ಹಾಕಿದ್ದರೆ ಲೆಕ್ಕ ಬೇರೆ. ಅವಧಿ ಮುಗಿದ ಮೇಲೂ ಎರಡನ್ನೂ ನುಂಗುತ್ತಾ ಹೋದರೆ ಸಿಗುವ ಹೆಚ್ಚುವರಿ ರಕ್ಷಣೆ ಕಡಿಮೆಯಾಗುತ್ತದೆ, ಹೊಟ್ಟೆಯಲ್ಲೋ ಮೆದುಳಿನಲ್ಲೋ ರಕ್ತಸ್ರಾವ ಆಗುವ ಅಪಾಯ ಮಾತ್ರ ಏರುತ್ತಾ ಹೋಗುತ್ತದೆ.

ಎಡವಟ್ಟಾಗುವುದು ಹೇಗೆಂದರೆ, ಸಮ್ಮರಿಯಲ್ಲಿ "ರಿವ್ಯೂ ತನಕ ಮುಂದುವರಿಸಿ" ಎಂದಿರುತ್ತದೆ. ರಿವ್ಯೂ ದಿನ ಮಾತೆಲ್ಲ ಕೈಯ ಬಗ್ಗೆ, ನಡೆಯುವ ಬಗ್ಗೆ ಆಗಿಹೋಗುತ್ತದೆ. ಚೀಟಿಯಲ್ಲಿ "ಅದೇ ಔಷಧ" ಎಂದು ಬರುತ್ತದೆ. ಮೆಡಿಕಲ್‌ನವರು ಹಳೆಯ ಚೀಟಿ ನೋಡಿ ತಿಂಗಳ ಮಾತ್ರೆ ಕಟ್ಟಿಕೊಡುತ್ತಾರೆ. ಹೀಗೆ ಆರು ತಿಂಗಳು, ವರ್ಷ ಎರಡೂ ಮಾತ್ರೆ ನುಂಗುತ್ತಿದ್ದವರನ್ನು ನಾನು ಕಂಡಿದ್ದೇನೆ. ತೋಳಿನ ಮೇಲೆ ಏಟು ಬೀಳದೆಯೇ ನೀಲಿ ಕಲೆಗಳು, ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಾಣುತ್ತಿದ್ದರೆ ಡಾಕ್ಟರಿಗೆ ತಿಳಿಸಲೇಬೇಕು. ಎರಡೂ ಮಾತ್ರೆ ಸೇರಿಸಿದ ಒಂದೇ ಕ್ಯಾಪ್ಸೂಲ್ ಕೂಡ ಬರುತ್ತದೆ. ಆಗಂತೂ ಎರಡು ಔಷಧ ನುಂಗುತ್ತಿದ್ದೇವೆ ಎಂಬುದೇ ಮನೆಯವರಿಗೆ ಗೊತ್ತಿರುವುದಿಲ್ಲ. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರುಗಳನ್ನು ಓದಿ.

ಇದನ್ನು ಓದಿ ನೀವೇ ಮಾತ್ರೆ ನಿಲ್ಲಿಸಬಾರದು. ನಡುವೆ ನಿಲ್ಲಿಸಿದರೆ ಮತ್ತೆ ಸ್ಟ್ರೋಕ್ ಆಗುವ ಅಪಾಯ ನಿಜಕ್ಕೂ ಇದೆ. ಎಷ್ಟನೇ ತಾರೀಕಿನವರೆಗೆ ಎರಡು, ಆಮೇಲೆ ಯಾವುದು ಉಳಿಯುತ್ತದೆ ಎಂಬುದನ್ನು ಡಾಕ್ಟರ ಕೈಯಿಂದ ಬರೆಸಿಕೊಳ್ಳಿ.

ಇದೇ ಜಾಗದಲ್ಲಿ ಮನೆಯಲ್ಲಿ ಕೊಡುತ್ತಿರುವ ಬೇರೆ ಔಷಧಗಳನ್ನೂ ಮುಚ್ಚಿಡದೆ ಬರೆಯಿರಿ. ಮಂಡಿ ನೋವಿಗೆ ಮೆಡಿಕಲ್‌ನಿಂದ ತಂದ ಮಾತ್ರೆ, ನಾಟಿ ವೈದ್ಯರ ಕಷಾಯ, ಎಣ್ಣೆ, ಎಲ್ಲವೂ. ಹಲವು ನೋವಿನ ಮಾತ್ರೆಗಳು ಬಿಪಿ ಏರಿಸುತ್ತವೆ, ಆಸ್ಪಿರಿನ್ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವನ್ನೂ ಹೆಚ್ಚಿಸುತ್ತವೆ. ಡಾಕ್ಟರು ಬೈಯುತ್ತಾರೆ ಎಂದು ಕಷಾಯದ ವಿಷಯ ಬಿಟ್ಟುಬಿಡುವ ಮನೆಗಳೇ ಹೆಚ್ಚು. ಬೈದರೂ ಪರವಾಗಿಲ್ಲ, ಅವರಿಗೆ ಗೊತ್ತಿರಬೇಕು.

ಮನೆಯಲ್ಲಿ ಕಂಡದ್ದನ್ನು ಬರೆದಿಡಿ

ರಿವ್ಯೂಗೆ ಒಂದು ವಾರ ಇರುವಾಗಲೇ ಒಂದು ನೋಟ್‌ಬುಕ್ ಶುರು ಮಾಡಿ. ಡಾಕ್ಟರು ಅಪ್ಪನನ್ನು ಕುರ್ಚಿಯಲ್ಲಿ ಕೂತದ್ದು ಮಾತ್ರ ನೋಡುತ್ತಾರೆ, ನೀವು ಇಡೀ ದಿನ ನೋಡುತ್ತೀರಿ. "ಸುಸ್ತು", "ಸ್ವಲ್ಪ ಪರವಾಗಿಲ್ಲ" ಎಂಬ ಮಾತು ಬಿಟ್ಟು ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ.

ನುಂಗುವುದನ್ನು ಮೊದಲು ನೋಡಿ. ನಮ್ಮ ಕಡೆ ಹುಷಾರಿಲ್ಲದವರಿಗೆ ಕುಚ್ಚಲಕ್ಕಿ ಗಂಜಿಯೇ ಸುಲಭ ಎಂದು ಎಲ್ಲರ ನಂಬಿಕೆ. ಸ್ಟ್ರೋಕಿನಿಂದ ನುಂಗುವ ಶಕ್ತಿ ಕುಗ್ಗಿದವರಿಗೆ ಅದು ಕಷ್ಟದ ಊಟ. ಗಂಜಿಯ ತಿಳಿ ನೀರಿನ ಹಾಗೆ ಬೇಗ ಗಂಟಲಿಗೆ ಜಾರುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ನಿಭಾಯಿಸಲು ನಾಲಿಗೆ, ಗಂಟಲಿಗೆ ಆಗದಿದ್ದಾಗ ತಿಳಿ ಶ್ವಾಸನಾಳಕ್ಕೆ ಇಳಿಯುತ್ತದೆ. ಅಲ್ಲಿಂದ ನ್ಯುಮೋನಿಯಾ. ಕುಡಿದ ಕೂಡಲೇ ಕೆಮ್ಮು, ಕುಡಿದ ಮೇಲೆ ಗಂಟಲಲ್ಲಿ ನೀರು ನಿಂತ ಹಾಗೆ ಗೊರಗೊರ ದನಿ, ಸೋತ ಬದಿಯ ಕೆನ್ನೆಯೊಳಗೆ ಅನ್ನ ಉಳಿಯುವುದು ಇದರ ಗುರುತು. ಕೆಲವರಿಗೆ ಕೆಮ್ಮೇ ಬರದೆ ಒಳಗೆ ಇಳಿಯುವುದೂ ಉಂಟು. ಹಾಗಾಗಿ ಕಾರಣವಿಲ್ಲದೆ ಬರುವ ಜ್ವರವನ್ನೂ ಗುರುತು ಹಾಕಿಕೊಳ್ಳಿ. ಕಾಪುವಿನ ಅಪ್ಪ ಚಹಾ ಕುಡಿಯುವಾಗ ಕೆಮ್ಮುತ್ತಿದ್ದರು, ಇಡ್ಲಿ ತಿನ್ನುವಾಗ ಇಲ್ಲ. ಈ ವ್ಯತ್ಯಾಸವನ್ನು ಬರೆದದ್ದೇ ಡಾಕ್ಟರಿಗೆ ಬೇಕಾದ ಸುಳಿವು. ನುಂಗುವಿಕೆಯನ್ನು ಪರೀಕ್ಷಿಸಿ ಯಾವ ಆಹಾರ, ಎಷ್ಟು ದಪ್ಪ ಎಂದು ಹೇಳುವವರು ಸ್ಪೀಚ್ ಥೆರಪಿಸ್ಟ್. ಅವರು ಮಾತಿಗೆ ಮಾತ್ರ ಎಂದುಕೊಂಡು ಅನೇಕರು ಹೋಗುವುದಿಲ್ಲ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ಈ ವಿದ್ಯೆ ಕಲಿಸುವ ಕಾಲೇಜುಗಳೇ ಇರುವುದರಿಂದ ನಮ್ಮ ಜಿಲ್ಲೆಗಳಲ್ಲಿ ಅವರು ಸಿಗುತ್ತಾರೆ.

ಆಮೇಲೆ ಮಾತು. ಅಪ್ಪ ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು ಎಂಬುದನ್ನು ಪತ್ರದಲ್ಲಿ ಖಂಡಿತ ಬರೆಯಿರಿ. ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಕೇಳಿರುತ್ತಾರೆ, ಅಪ್ಪ ಹುಟ್ಟಿದಾಗಿನಿಂದ ಆಡಿದ್ದು ತುಳು ಅಥವಾ ಕೊಂಕಣಿ. ಎರಡು ಮೂರು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಗಳೂ ಒಂದೇ ಸಮನೆ ಕೆಡುವುದಿಲ್ಲ, ಒಂದೇ ಸಮನೆ ಮರಳುವುದೂ ಇಲ್ಲ. ಈ ಅಪ್ಪ "ಒಂದು, ಎರಡು" ಎಂದು ಶುರು ಮಾಡಿದರೆ ಇಪ್ಪತ್ತರವರೆಗೆ ತಡೆಯಿಲ್ಲದೆ ಹೇಳುತ್ತಿದ್ದರು. ಸಕ್ಕರೆಗೆ ಕಿಲೋಗೆ ಎಷ್ಟು ಎಂದರೆ ಮಾತು ಸಿಗುತ್ತಿರಲಿಲ್ಲ. ಬಾಯಿಪಾಠವಾದದ್ದು ಉಳಿಯುವುದು, ಯೋಚಿಸಿ ಹೇಳಬೇಕಾದದ್ದು ಸಿಗದಿರುವುದು ಇಂಥ ಸ್ಟ್ರೋಕಿನಲ್ಲಿ ಸಾಮಾನ್ಯ. ಮನೆಗೆ ಬಂದ ನೆಂಟರು ಎಣಿಕೆ ಕೇಳಿ "ಮಾತು ಬಂತಲ್ಲ" ಎಂದು ಖುಷಿಪಟ್ಟು ಹೋಗುತ್ತಿದ್ದರು. "ಹೌದು", "ಇಲ್ಲ" ಎಂಬ ಉತ್ತರವನ್ನೂ ಪರೀಕ್ಷಿಸಿ ನೋಡಿ. "ನೀವು ಕಾಪುವಿನವರಾ?", "ನಾನು ನಿಮ್ಮ ತಂಗಿಯಾ?" ಎಂದು ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಬೇರೆ ಬೇರೆ ಹೊತ್ತಿನಲ್ಲಿ ಕೇಳಿ. ಸಂಜೆ ದಣಿದಾಗ ಈ ಅಪ್ಪ ತುಳುವಿನಲ್ಲಿ ಇಲ್ಲ, ಹೌದು ಎನ್ನಲು ಹೇಳುವ ಇಜ್ಜಿ, ಅಂದ್ ಅದಲುಬದಲಾಗುತ್ತಿದ್ದವು. ಅಂದರೆ ನೋವಿದೆಯೇ ಎಂದು ಕೇಳಿ ಬಂದ ಉತ್ತರವನ್ನೂ ಪೂರ್ತಿ ನಂಬುವ ಹಾಗಿಲ್ಲ.

ಕೈಯ ವಿಷಯದಲ್ಲಿ ಬೆರಳು ಬಿಚ್ಚಲು ಆಗುತ್ತದೆಯೇ ಎಂಬುದನ್ನು ಬರೆಯಿರಿ. ಮುಷ್ಟಿ ಹಿಡಿಯುವುದಕ್ಕಿಂತ ಬಿಚ್ಚುವುದು ಕಷ್ಟ. ಮೊದಲ ದಿನಗಳಲ್ಲೇ ಭುಜ ಎತ್ತಲು, ಬೆರಳು ಬಿಚ್ಚಲು ಸ್ವಲ್ಪವಾದರೂ ಆಗುವವರಲ್ಲಿ ಕೈ ಮತ್ತೆ ಕೆಲಸಕ್ಕೆ ಬರುವ ಸಂಭವ ಚೆನ್ನಾಗಿರುತ್ತದೆ. ಜೊತೆಗೆ ದಿನನಿತ್ಯದ ಒಂದೆರಡು ಕೆಲಸ: ಅಂಗಿಯ ಗುಂಡಿ, ಲೋಟ ಎತ್ತುವುದು, ಲುಂಗಿ ಕಟ್ಟುವುದು.

ಬಿಪಿಯನ್ನು ಸರಿಯಿರುವ ಕೈಯಲ್ಲಿ, ಐದು ನಿಮಿಷ ಕೂತ ಮೇಲೆ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ರಾತ್ರಿ ನೋಡಿ. ಪ್ರತಿ ಸಲವೂ ಒಂದು ನಿಮಿಷ ಬಿಟ್ಟು ಎರಡು ಬಾರಿ. ಪತ್ರದಲ್ಲಿ ಅಷ್ಟನ್ನೂ ಬರೆಯುವುದು ಬೇಡ, ವಾರದ ಅತಿ ಹೆಚ್ಚು, ಅತಿ ಕಡಿಮೆ ಮತ್ತು ಸಾಮಾನ್ಯವಾಗಿ ಎಷ್ಟಿರುತ್ತದೆ ಎಂಬುದು ಸಾಕು. ಗಂಜಿಯ ಜೊತೆಗಿನ ಉಪ್ಪಿನಕಾಯಿ, ಒಣಮೀನು, ಹಪ್ಪಳ ನಡೆಯುತ್ತಿದ್ದರೆ ಅದನ್ನೂ ಹೇಳಿಬಿಡಿ. ಬಿಪಿ ಇಳಿಯದಿರಲು ಮಾತ್ರೆ ಸಾಲದಿರುವುದೇ ಕಾರಣ ಎಂದು ಡಾಕ್ಟರು ತಿಳಿದರೆ ಡೋಸ್ ಏರುತ್ತದೆ.

ಮನಸ್ಸಿನ ಬಗ್ಗೆ ಬರೆಯಲು ಮಕ್ಕಳು ಹಿಂಜರಿಯುತ್ತಾರೆ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಗಿರಾಕಿಗಳು ನೋಡಲು ಬಂದಾಗ ಅಪ್ಪ ಗೋಡೆ ಕಡೆ ತಿರುಗಿ ಮಲಗುತ್ತಾರೆ ಎಂದು ಕಂಡದ್ದನ್ನಷ್ಟೇ ಬರೆದರೆ ಸಾಕು.

ಅಪ್ಪನ ಪ್ರಶ್ನೆ ಯಾವುದು?

ಪತ್ರ ನಿಮ್ಮದಾದರೂ ರೋಗಿ ಅವರು. ಮಾತು ತಡವರಿಸಿದ ಮಾತ್ರಕ್ಕೆ ಬುದ್ಧಿ ಹೋಗಿದೆ ಎಂದಲ್ಲ. ಕೂತು ಕೇಳಿ, ಮೂರು ನಾಲ್ಕು ವಿಷಯ ಹೇಳಿ ಅಥವಾ ಚಿತ್ರ ತೋರಿಸಿ, ಬೆರಳು ತೋರಿಸಲಿ. ಮಗಳು ಕೈಯ ಚಿಂತೆಯಲ್ಲಿದ್ದಳು. ಅಪ್ಪ ತೋರಿಸಿದ್ದು ಗೋಡೆಯ ಮೊಳೆಗೆ ತೂಗುಹಾಕಿದ್ದ ಸ್ಕೂಟರ್ ಕೀಲಿಯನ್ನು. ಅದು ಪತ್ರಕ್ಕೆ ಸೇರಿತು.

ಪತ್ರ

ಇನ್ನು ಬರೆಯುವುದು. ಐದಾರು ಪ್ರಶ್ನೆ ಮೀರಬಾರದು. ಎಲ್ಲಕ್ಕಿಂತ ಬೇಕಾದದ್ದು ಮೊದಲು ಬರಲಿ, ನಡುವೆ ಸಮಯ ಮುಗಿದರೂ ಅದಕ್ಕೆ ಉತ್ತರ ಸಿಕ್ಕಿರುತ್ತದೆ. ಪ್ರತಿ ಪ್ರಶ್ನೆಯ ಕೆಳಗೆ ಎರಡು ಗೆರೆ ಖಾಲಿ ಬಿಡಿ. ಔಷಧದ ಹೆಸರನ್ನು ಸ್ಟ್ರಿಪ್ಪಿನಲ್ಲಿ ಇದ್ದ ಹಾಗೆಯೇ ನಕಲು ಮಾಡಿ. ಡಾಕ್ಟರು ಕನ್ನಡ ಓದದವರಾದರೆ ಪತ್ರವನ್ನು ಇಂಗ್ಲಿಷಿನಲ್ಲಿ ಯಾರಿಂದಾದರೂ ಬರೆಸಿಕೊಳ್ಳಿ. ಕಾಪುವಿನ ಮಗಳ ಪತ್ರ ಹೀಗಿತ್ತು:

> ಮಾನ್ಯ ಡಾಕ್ಟರಿಗೆ ನಮಸ್ಕಾರ.
>
> ನನ್ನ ತಂದೆಯವರು (66 ವರ್ಷ, ಫೈಲ್ ನಂಬರ್ ಮೇಲೆ ಬರೆದಿದ್ದೇನೆ) ಜೂನ್ 3ರಂದು ಮೆದುಳಿನ ಎಡಭಾಗದ ಸ್ಟ್ರೋಕ್ ಆಗಿ ನಿಮ್ಮಲ್ಲಿ ದಾಖಲಾಗಿ ಜೂನ್ 8ಕ್ಕೆ ಮನೆಗೆ ಬಂದಿದ್ದಾರೆ. ನಾನು ಅವರ ಜೊತೆಗೇ ಇದ್ದೇನೆ. ಇಂದು ರಿವ್ಯೂಗೆ ಬಂದಿದ್ದೇವೆ.
>
> ಈಗ ಕೊಡುತ್ತಿರುವ ಮಾತ್ರೆ: ಆಸ್ಪಿರಿನ್ 75, ಕ್ಲೊಪಿಡೊಗ್ರೆಲ್ 75, ಅಟೊರ್ವಾಸ್ಟಾಟಿನ್ 40, ಅಮ್ಲೊಡಿಪಿನ್ 5. ಒಂದು ಹೊತ್ತೂ ತಪ್ಪಿಲ್ಲ. ಮಂಡಿ ನೋವಿಗೆ ಮೊದಲು ನುಂಗುತ್ತಿದ್ದ ಮಾತ್ರೆಯನ್ನು ಮನೆಗೆ ಬಂದ ಮೇಲೆ ಎರಡು ಸಲ ಕೊಟ್ಟಿದ್ದೇವೆ, ಸ್ಟ್ರಿಪ್ ತಂದಿದ್ದೇನೆ. ಕಷಾಯ ಕೊಡುತ್ತಿಲ್ಲ, ಎಣ್ಣೆ ಹಚ್ಚುತ್ತೇವೆ.
>
> ಮನೆಯಲ್ಲಿ ಕಂಡದ್ದು: ಗೋಡೆ ಹಿಡಿಯದೆ ನಡೆಯುತ್ತಾರೆ. ಬಲಗೈಯ ಬೆರಳು ಅರ್ಧ ಬಿಚ್ಚುತ್ತಾರೆ, ಗುಂಡಿ ಹಾಕಲು ಆಗುವುದಿಲ್ಲ. ಮನೆ ಭಾಷೆ ತುಳು, ಅಂಗಡಿಯಲ್ಲಿ ಕನ್ನಡ. ಎಣಿಕೆ ಸರಾಗ, ಕೇಳಿದ್ದಕ್ಕೆ ಮಾತು ಹುಡುಕುತ್ತಾರೆ. ಚಹಾ ಮತ್ತು ಗಂಜಿ ತಿಳಿ ಕುಡಿಯುವಾಗ ದಿನಕ್ಕೆ ಮೂರು ನಾಲ್ಕು ಸಲ ಕೆಮ್ಮು, ಜ್ವರ ಇಲ್ಲ. ಬಿಪಿ ಹೆಚ್ಚಾಗಿ 146/88ರ ಆಸುಪಾಸು, ಅತಿ ಹೆಚ್ಚು 158/94, ಅತಿ ಕಡಿಮೆ 132/80. ಜನ ಬಂದರೆ ತಿರುಗಿ ಮಲಗುತ್ತಾರೆ, ಪೇಪರ್ ಓದುವುದು ಬಿಟ್ಟಿದ್ದಾರೆ.
>
> 1. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡನ್ನೂ ಎಷ್ಟನೇ ತಾರೀಕಿನವರೆಗೆ ಕೊಡಬೇಕು? ಆಮೇಲೆ ಯಾವುದು ಮುಂದುವರಿಯುತ್ತದೆ?
>
> 2. ಸ್ಟ್ರೋಕಿಗೆ ಕಾರಣ ಏನೆಂದು ನಿಮ್ಮ ಅಭಿಪ್ರಾಯ? ಸಮ್ಮರಿಯಲ್ಲಿ ಹೋಲ್ಟರ್ ಮಾಡಿದ್ದು ಕಾಣಲಿಲ್ಲ. ಮಾಡಿಸಬೇಕೇ? ಎಷ್ಟು ಗಂಟೆಯದ್ದು?
>
> 3. ನುಂಗುವ ಪರೀಕ್ಷೆಗೆ ಸ್ಪೀಚ್ ಥೆರಪಿಸ್ಟ್ ಬಳಿ ಕಳಿಸುತ್ತೀರಾ? ಅಲ್ಲಿಯ ತನಕ ಗಂಜಿ, ಚಹಾ ಕೊಡಬಹುದೇ? ಮಾತಿನ ಥೆರಪಿ ತುಳುವಿನಲ್ಲಿ ಆಗಬೇಕೇ?
>
> 4. ಅಪ್ಪನಿಗೆ ಬಿಪಿ ಎಷ್ಟರೊಳಗೆ ಇರಬೇಕು? ಎಷ್ಟು ದಾಟಿದರೆ ರಿವ್ಯೂಗೆ ಕಾಯದೆ ಫೋನ್ ಮಾಡಬೇಕು? ಕೊಲೆಸ್ಟರಾಲ್ ಯಾವಾಗ ಮತ್ತೆ ನೋಡಬೇಕು?
>
> 5. ಸೆಪ್ಟೆಂಬರ್ ಮೊದಲ ವಾರಕ್ಕೆ ಮೂರು ತಿಂಗಳಾಗುತ್ತದೆ. ಅಷ್ಟರಲ್ಲಿ ಬಲಗೈಯಿಂದ ಗುಂಡಿ ಹಾಕುವುದು, ಅಂಗಡಿಯ ಲೆಕ್ಕ ಬರೆಯುವುದು ಸಾಧ್ಯವೆಂದು ಇಟ್ಟುಕೊಳ್ಳಬಹುದೇ? ಥೆರಪಿ ವಾರಕ್ಕೆ ಎಷ್ಟು ದಿನ?
>
> 6. ಇದು ಅಪ್ಪನದೇ ಪ್ರಶ್ನೆ: ಸ್ಕೂಟರ್ ಯಾವಾಗ? ಅದಕ್ಕೆ ಮೊದಲು ಯಾವ ಪರೀಕ್ಷೆ ಆಗಬೇಕು?
>
> ಅಪ್ಪನ ಮೌನ ಮಾತು ಬಾರದ್ದರಿಂದಲೋ ಖಿನ್ನತೆಯಿಂದಲೋ ಎಂದು ನಮಗೆ ತಿಳಿಯುತ್ತಿಲ್ಲ. ದಯವಿಟ್ಟು ಒಮ್ಮೆ ನೋಡಿ.
>
> ವಂದನೆಗಳೊಂದಿಗೆ, ಮಗಳು (ಹೆಸರು, ಫೋನ್ ನಂಬರ್)

ಐದನೆಯ ಪ್ರಶ್ನೆಯನ್ನು ಗಮನಿಸಿ. "ಸರಿಯಾಗ್ತಾರಾ" ಎಂಬುದೇ ಇಲ್ಲಿ ಗುಂಡಿ, ಲೆಕ್ಕದ ಪುಸ್ತಕ ಮತ್ತು ಒಂದು ತಿಂಗಳ ಹೆಸರಾಗಿ ಬಂದಿದೆ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಹೆಚ್ಚು ಚುರುಕು. ಆಮೇಲೆ ನಿಧಾನವಾದರೂ ನಿಲ್ಲುವುದಿಲ್ಲ, ಮಾತಿನ ವಿಷಯದಲ್ಲಂತೂ ವರ್ಷ ಕಳೆದ ಮೇಲೂ ಸುಧಾರಣೆ ಕಾಣುತ್ತದೆ. ಹೀಗೆ ಕೇಳಿದರೆ ಡಾಕ್ಟರು "ಗುಂಡಿ ಸಾಧ್ಯ, ಬರವಣಿಗೆ ಈಗಲೇ ಹೇಳಲಾಗದು" ಎಂದು ಬಿಡಿಸಿ ಹೇಳಬಲ್ಲರು.

ಕೊಡುವುದು, ಉತ್ತರ ತರುವುದು

ಪತ್ರದ ಎರಡು ಪ್ರತಿ ಇರಲಿ. ಒಂದನ್ನು ಒಪಿಡಿಯಲ್ಲಿ ಬಿಪಿ ನೋಡುವ ಸಿಸ್ಟರ್ ಕೈಗೆ ಕೊಟ್ಟು ಫೈಲಿನ ಮೇಲ್ಗಡೆ ಸಿಕ್ಕಿಸಲು ಹೇಳಿ. ಇನ್ನೊಂದು ನಿಮ್ಮ ಕೈಯಲ್ಲಿರಲಿ, ಡಾಕ್ಟರು ಹೇಳಿದ್ದನ್ನು ಆ ಖಾಲಿ ಗೆರೆಗಳಲ್ಲಿ ಅಲ್ಲೇ ಬರೆದುಕೊಳ್ಳಿ. ಮಾತ್ರೆಯ ತಾರೀಕನ್ನು ಮಾತ್ರ ಅವರ ಚೀಟಿಯಲ್ಲೇ ಬರೆಸಿಕೊಳ್ಳಿ. ಹೊರಡುವ ಮೊದಲು "ನಾನು ಅರ್ಥ ಮಾಡಿಕೊಂಡದ್ದು ಸರಿಯಾ ಸರ್?" ಎಂದು ಓದಿ ಹೇಳಿ. ಇದಕ್ಕೆ ಅರ್ಧ ನಿಮಿಷ ಸಾಕು, ಯಾವ ಡಾಕ್ಟರೂ ಬೇಸರ ಮಾಡಿದ್ದನ್ನು ನಾನು ಕೇಳಿಲ್ಲ.

ಕಾಪುವಿನ ಮಗಳಿಗೆ ಸಿಕ್ಕ ಉತ್ತರಗಳು ಇವು. ಜೂನ್ 3ರಿಂದ ಲೆಕ್ಕ ಹಾಕಿ ಜೂನ್ 23ರವರೆಗೆ ಎರಡೂ ಮಾತ್ರೆ, 24ರಿಂದ ಆಸ್ಪಿರಿನ್ ಮಾತ್ರ. ಕಾರಣ ಇನ್ನೂ ಖಚಿತವಿಲ್ಲ, 48 ಗಂಟೆಯ ಹೋಲ್ಟರ್ ಮಾಡಿಸಿ. ಬಿಪಿ 130/80ರೊಳಗೆ ಬರಬೇಕು, ಅದಕ್ಕೆ ಇನ್ನೊಂದು ಮಾತ್ರೆ ಸೇರಿತು. ಮಂಡಿ ನೋವಿಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಬೇಡ. ನುಂಗುವ ಪರೀಕ್ಷೆಗೆ ಅಂದೇ ಚೀಟಿ. ಸ್ಪೀಚ್ ಥೆರಪಿಸ್ಟ್ ಪರೀಕ್ಷಿಸಿ ಚಹಾ ದಪ್ಪ ಮಾಡುವ ಪುಡಿ ಕೊಟ್ಟು, ಗಂಜಿಯನ್ನು ಅಗುಳು ಸಮೇತ ನುಣ್ಣಗೆ ರುಬ್ಬಿ, ನೆಟ್ಟಗೆ ಕೂರಿಸಿ ಚಮಚದಲ್ಲಿ ಕೊಡಲು ಹೇಳಿದರು. ಥೆರಪಿ ತುಳುವಿನಲ್ಲೇ ಶುರುವಾಯಿತು. ಸ್ಕೂಟರ್ ಈಗ ಬೇಡ, ಮೂರು ತಿಂಗಳಿಗೆ ಕಣ್ಣಿನ ಬದಿ ನೋಟ, ಕೈಯ ಹಿಡಿತ ಪರೀಕ್ಷಿಸಿ ಹೇಳುತ್ತೇನೆ ಎಂದು ಡಾಕ್ಟರು ಅಪ್ಪನ ಮುಖ ನೋಡಿಯೇ ಹೇಳಿದರಂತೆ. ಇವು ಈ ರೋಗಿಗೆ ಹೇಳಿದ ಉತ್ತರ, ನಿಮ್ಮ ಅಪ್ಪನಿಗೆ ಬೇರೆ ಇರಬಹುದು.

ಮನೆಗೆ ಬಂದ ಕೂಡಲೇ ಗೋಡೆ ಕ್ಯಾಲೆಂಡರಿನಲ್ಲಿ ಮಾತ್ರೆ ನಿಲ್ಲಿಸುವ ತಾರೀಕಿಗೆ ಗುರುತು ಹಾಕಿ. ಹೊಸ ಚೀಟಿಯ ಫೋಟೋವನ್ನು ಮೆಡಿಕಲ್‌ನವರಿಗೂ ಊರಿನ ಫ್ಯಾಮಿಲಿ ಡಾಕ್ಟರಿಗೂ ಕೊಡಿ, ಹಳೆಯದನ್ನು ಫೈಲಿನ ಹಿಂದೆ ಹಾಕಿ. ಅಣ್ಣ ತಮ್ಮಂದಿರು ಮುಂಬೈಯಲ್ಲೋ ಗಲ್ಫಿನಲ್ಲೋ ಇದ್ದರೆ ಇದೇ ಪುಟವನ್ನು ಅವರಿಗೂ ಕಳಿಸಿ. ದಿನಾ ರಾತ್ರಿ ಫೋನಿನಲ್ಲಿ ಒಂದೇ ಕಥೆ ಹೇಳುವುದು ತಪ್ಪುತ್ತದೆ.

ಪತ್ರ ಬರೆಯುತ್ತಾ ಕೂರಬಾರದ ಸಂದರ್ಭಗಳೂ ಇವೆ. ಮತ್ತೆ ಬಾಯಿ ಓರೆಯಾದರೆ, ಕೈಕಾಲು ಹೊಸದಾಗಿ ಸೋತರೆ, ಮಾತು ಇದ್ದಕ್ಕಿದ್ದಂತೆ ಕೆಟ್ಟರೆ, ಫಿಟ್ಸ್ ಬಂದರೆ, ಹಿಂದೆಂದೂ ಇಲ್ಲದಷ್ಟು ತಲೆನೋವು ಬಂದರೆ ಆ ಕ್ಷಣವೇ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವುದು ನಾಲ್ಕೂವರೆ ಗಂಟೆ. ಕೊನೆಯ ಬಾರಿ ಸರಿಯಿದ್ದದ್ದನ್ನು ನೋಡಿದ ಸಮಯವನ್ನು ಅವರಿಗೆ ಹೇಳಬೇಕು. ಮಲ ಟಾರಿನಂತೆ ಕಪ್ಪಾದರೆ, ರಕ್ತ ವಾಂತಿಯಾದರೆ, ಜ್ವರದ ಜೊತೆ ಉಸಿರಾಟ ಕಷ್ಟವಾದರೆ ಕೂಡ ನೇರ ಎಮರ್ಜೆನ್ಸಿಗೆ ಹೋಗಿ.

ಹೋಲ್ಟರ್ ವರದಿ ಬಂದ ದಿನ ಮಗಳು ಇನ್ನೊಂದು ಪತ್ರ ಬರೆದಳು, ಮೂರೇ ಸಾಲಿನದ್ದು: ವರದಿ ಲಗತ್ತಿಸಿದೆ, ಇದರಿಂದ ಮಾತ್ರೆ ಬದಲಾಗುತ್ತದೆಯೇ, ಬದಲಾದರೆ ಯಾವ ದಿನದಿಂದ?